ಸರಾಸರಿ ಮಾಡಿದರೆ 50.33, ಒಟ್ಟು ಸೇರಿಸಿದರೆ 49.87: ಎಂಸಿಎಗೆ ಯಾವ ಲೆಕ್ಕ ಹಿಡಿಯುತ್ತಾರೆ?

ಮಲ್ನಾಡ್ ಹುಡುಗ

ಎಲ್ಲರಿಗೂ ನಮಸ್ಕಾರ. ನಂದು ಬಿಎಸ್ಸಿ, ಪಿಎಂಸಿಎಸ್. ಎನ್‌ಇಪಿಗಿಂತ ಮುಂಚಿನ ಸ್ಕೀಮ್. ಐದನೇ ಸೆಮ್‌ನ ಒಂದು ಫಿಸಿಕ್ಸ್ ಪೇಪರ್ ಉಳಿದುಹೋಗಿತ್ತು, ಅದನ್ನು ಈಗ ಪಾಸ್ ಮಾಡಿಕೊಂಡೆ. ಪಿಜಿಸಿಇಟಿ ಬರೆದಿದ್ದೇನೆ, ಎಂಸಿಎ ಬೇಕು. ದಾಖಲೆ ಪರಿಶೀಲನೆಗೆ ಇನ್ನು ಹತ್ತು ದಿನ ಇದೆ.

ಅಂಕ ಹೀಗಿದೆ. ಮೊದಲ ವರ್ಷ 1400ಕ್ಕೆ 756. ಎರಡನೇ ವರ್ಷ 1400ಕ್ಕೆ 728. ಮೂರನೇ ವರ್ಷ 1800ಕ್ಕೆ 810. ಶೇಕಡಾವಾರು 54, 52, 45. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 50.33 ಬರುತ್ತದೆ. ಅರ್ಜಿಯಲ್ಲಿ ಅದನ್ನೇ ತುಂಬಿದೆ. ನಿನ್ನೆ ರೂಮ್‌ಮೇಟ್ ಸುಮ್ನೆ ಎಲ್ಲ ಅಂಕ ಒಟ್ಟಿಗೆ ಕೂಡಿಸಿ ನೋಡಿದ. 4600ಕ್ಕೆ 2294. ಅಂದರೆ 49.87. ಬೇಕಾಗಿರೋದು 50. ನಿದ್ದೆ ಬರಲಿಲ್ಲ.

ಯಾವುದು ಸರಿ?

ಕೋಲಾರದ ಕಿರಣ್

ಟೆನ್ಷನ್ ಮಾಡ್ಕೋಬೇಡ ಗುರು. ವರ್ಷದ ಪರ್ಸೆಂಟೇಜ್‌ಗಳ ಸರಾಸರಿಯೇ ಲೆಕ್ಕ. ನಾನು ಬಿಕಾಂ ಮುಗಿಸಿ ಎಂಬಿಎಗೆ ಸೇರಿದಾಗ ಹಾಗೇ ಹಾಕಿದ್ದೆ. ಪರಿಶೀಲನೆಯಲ್ಲಿ ಅವರು ತೆಗೆದ ಸಂಖ್ಯೆಗೂ ನನ್ನ ಸಂಖ್ಯೆಗೂ ಒಂದು ಪಾಯಿಂಟ್ ವ್ಯತ್ಯಾಸ ಇರಲಿಲ್ಲ. ಇನ್ನು 49.87 ಆದರೂ 50 ಅಂತ ರೌಂಡ್ ಮಾಡ್ತಾರೆ ಬಿಡು.

ಸೀನಣ್ಣ (ಕಾಲೇಜು ಆಫೀಸು, ನಿವೃತ್ತ)

ಕಿರಣ್, ನಿಮ್ಮ ಬಿಕಾಂನಲ್ಲಿ ಪ್ರತಿ ಸೆಮಿಸ್ಟರ್‌ಗೆ ಗರಿಷ್ಠ ಅಂಕ ಎಷ್ಟಿತ್ತು? ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ ಹೇಳಿ.

ತಮ್ಮಾ, ಎರಡು ವಿಷಯ ಕೇಳ್ತೀನಿ. ಮಾಹಿತಿ ಪುಸ್ತಕದಲ್ಲಿ ಅರ್ಹತೆಯ ಸಾಲು ಹೇಗಿದೆ, ಪದಶಃ ಬರಿ. ಇನ್ನೊಂದು, ಆ ಫಿಸಿಕ್ಸ್ ಪೇಪರ್‌ನ ಅಂಕವನ್ನು 810ರಲ್ಲಿ ಹೇಗೆ ಸೇರಿಸಿದ್ದೀಯಾ?

ಮಲ್ನಾಡ್ ಹುಡುಗ

ಪುಸ್ತಕದಲ್ಲಿ ಹೇಳಿರೋದು ಇಷ್ಟು ಸರ್: ಪದವಿಯ ಎಲ್ಲ ವರ್ಷಗಳ ಎಲ್ಲ ವಿಷಯಗಳು, ಭಾಷೆಗಳೂ ಸೇರಿ, ಒಟ್ಟು ಅಂಕಗಳಲ್ಲಿ ಶೇಕಡಾ 50. ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ ಶೇಕಡಾ 45. ನಾನು 2ಎ.

ಫಿಸಿಕ್ಸ್‌ನಲ್ಲಿ ಮೊದಲ ಸಲ 28 ಬಂದಿತ್ತು, ಈಗ 46. ಹಳೇದು ತೆಗೆದು ಹೊಸದು ಹಾಕಿದ್ದೇನೆ.

ಕೋಲಾರದ ಕಿರಣ್

2ಎಗೂ 45 ಅಲ್ವಾ? ಮೀಸಲಾತಿ ಇದೆಯಲ್ಲ.

ನನ್ನ ಕಾರ್ಡ್ ನೋಡಿದೆ. ಆರೂ ಸೆಮಿಸ್ಟರ್ 700, 700.

ಸೀನಣ್ಣ

2ಎಗೆ ಸೀಟಿನಲ್ಲಿ ಮೀಸಲಾತಿ ಇದೆ, ಅರ್ಹತೆ ಅಂಕದಲ್ಲಿ ರಿಯಾಯಿತಿ ಇಲ್ಲ. ರಿಯಾಯಿತಿ ಆ ಮೂರಕ್ಕೆ ಮಾತ್ರ. ಪ್ರತಿ ವರ್ಷ ಇದೊಂದರಲ್ಲಿ ನಾಲ್ಕೈದು ಮಕ್ಕಳು ಕೌಂಟರ್ ಹತ್ತಿರ ಬಂದು ಪೇಚಾಡ್ತಾರೆ.

ಕಿರಣ್, ನಿಮ್ಮ ಗರಿಷ್ಠ ಅಂಕ ಎಲ್ಲ ಸೆಮ್‌ಗೂ ಒಂದೇ. ಹಾಗಿದ್ದಾಗ ಸರಾಸರಿ ತೆಗೆದರೂ ಒಂದೇ, ಒಟ್ಟು ಕೂಡಿಸಿದರೂ ಒಂದೇ. ನಿಮಗೆ ಉತ್ತರ ಸರಿ ಬಂತು, ದಾರಿ ಸರಿ ಅಂತ ಅದರಿಂದ ಗೊತ್ತಾಗಲ್ಲ. ಈ ಹುಡುಗನದು 1400, 1400, 1800. ಇಲ್ಲಿ ಎರಡೂ ಬೇರೆ ಬೇರೆ.

"ಒಟ್ಟು ಅಂಕಗಳಲ್ಲಿ" ಅಂತ ಪುಸ್ತಕದಲ್ಲಿ ಇದ್ದ ಮೇಲೆ ಪಡೆದದ್ದನ್ನೆಲ್ಲ ಕೂಡಿಸು, ಗರಿಷ್ಠವನ್ನೆಲ್ಲ ಕೂಡಿಸು, ಭಾಗಿಸು. ಅಷ್ಟೇ. 49.87 ತಮ್ಮಾ. ಆರು ಅಂಕ ಕಡಿಮೆ.

ಫಿಸಿಕ್ಸ್ ವಿಷಯದಲ್ಲಿ ನೀನು ಮಾಡಿದ್ದು ಸರಿ. ಎಷ್ಟೋ ಜನ ಎರಡೂ ಕಾರ್ಡ್ ಸೇರಿಸಿಬಿಡ್ತಾರೆ. ಮರುಪರೀಕ್ಷೆಯ ಕಾರ್ಡ್‌ನಲ್ಲಿ ಆ ಒಂದೇ ಪೇಪರ್, ಗರಿಷ್ಠ 100 ಅಂತ ಇರುತ್ತದೆ. ಅದನ್ನು ಇನ್ನೊಂದು ಸೆಮ್ ಅಂತ ತಿಳಿದು ಕೂಡಿಸಿದರೆ ನಿನ್ನ ಲೆಕ್ಕ 4700ಕ್ಕೆ 2322 ಆಗ್ತಿತ್ತು, ಅಂದರೆ 49.40. ಒಂದು ಪೇಪರ್ ಒಂದೇ ಸಲ. ಒಟ್ಟು ಗರಿಷ್ಠ ಅಂಕ ಸ್ಕೀಮ್‌ಗಿಂತ ಜಾಸ್ತಿ ಬಂತು ಅಂದರೆ ಎಲ್ಲೋ ಎರಡು ಸಲ ಎಣಿಸಿದ್ದೀರಿ ಅಂತಲೇ.

ಐಟಿಐ ರಘು

ಸರ್ ನಂದೂ ಇದೇ ಪ್ರಾಬ್ಲಮ್. ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಿದೆ. ಈಗ ಡಿಸಿಇಟಿಯಲ್ಲಿ ಬಿಇ ಎರಡನೇ ವರ್ಷಕ್ಕೆ ಹೋಗಬೇಕು. ನನಗೂ ಸರಾಸರಿ ಕಡಿಮೆ ಬರ್ತಿದೆ, 39. ಕ್ಲಾಸ್‌ನಲ್ಲಿ ನಾನು ಫಸ್ಟ್ ಐದರಲ್ಲಿ ಇದ್ದೆ ಸರ್. ರೀವ್ಯಾಲ್ಯುಯೇಷನ್ ಹಾಕಬೇಕಾ?

ಗಣಿತದ ಟೀಚರ್

ರಘು, ಮೊದಲ ಐದರಲ್ಲಿ ಇದ್ದವನಿಗೆ 39 ಹೇಗೆ ಬರುತ್ತದೆ? ಏನು ತುಂಬಿದ್ದೀರಿ, ಪೂರ್ತಿ ಬರೆಯಿರಿ.

ಮಲ್ನಾಡ್ ಹುಡುಗ, ಎರಡು ಲೆಕ್ಕಕ್ಕೂ ವ್ಯತ್ಯಾಸ ಯಾಕೆ ಬಂತು ಅಂತ ಹೇಳ್ತೀನಿ. ನಮ್ಮ ಮನೆಯಿಂದ ಡೈರಿಗೆ ಹಾಲು ಹಾಕ್ತೀವಿ. ಬೆಳಿಗ್ಗೆ 8 ಲೀಟರ್, ಫ್ಯಾಟ್ 3.6. ಸಂಜೆ 4 ಲೀಟರ್, ಫ್ಯಾಟ್ 4.2. ದಿನದ ಫ್ಯಾಟ್ 3.9 ಅಂತ ನಮ್ಮತ್ತೆ ಹೇಳಿದರೆ ಡೈರಿಯವನು ನಗ್ತಾನೆ. ಎರಡೂ ಹಾಲು ಒಂದೇ ಕ್ಯಾನಿಗೆ ಸುರಿದರೆ ಬರೋದು 3.8. ಬೆಳಗಿನ ಹಾಲು ಜಾಸ್ತಿ, ಅದಕ್ಕೇ ಅದರ ಕಡೆ ವಾಲುತ್ತದೆ.

ನಿಮ್ಮ ಮೂರನೇ ವರ್ಷ ಅಂದರೆ ಆ 8 ಲೀಟರ್. 4600ರಲ್ಲಿ 1800 ಅದರದ್ದೇ, ನೂರಕ್ಕೆ 39 ಪಾಲು. ಸರಾಸರಿ ಮಾಡಿದಾಗ ನೀವು ಅದಕ್ಕೆ 33 ಪಾಲು ಮಾತ್ರ ಕೊಟ್ಟಿರಿ. ಕಡಿಮೆ ಅಂಕ ಬಂದ ವರ್ಷದ ತೂಕ ಇಳಿಯಿತು, ಶೇಕಡಾ ಏರಿತು.

ಇನ್ನೊಂದು ರೀತಿ ನೋಡಿ. ಒಟ್ಟು ಲೆಕ್ಕದಲ್ಲಿ ಯಾವ ವರ್ಷದ ಒಂದು ಅಂಕ ಆದರೂ ಅಂತಿಮ ಶೇಕಡಾಕ್ಕೆ ಸುಮಾರು 0.0217 ಸೇರಿಸುತ್ತದೆ. ಸರಾಸರಿ ಲೆಕ್ಕದಲ್ಲಿ ಮೊದಲ ವರ್ಷದ ಒಂದು ಅಂಕಕ್ಕೆ 0.0238, ಮೂರನೇ ವರ್ಷದ ಒಂದು ಅಂಕಕ್ಕೆ 0.0185. ಅಂದರೆ ಮೊದಲ ಸೆಮ್‌ನ ಇಂಗ್ಲಿಷ್ ಅಂಕ ಕೊನೆಯ ಸೆಮ್‌ನ ಫಿಸಿಕ್ಸ್ ಅಂಕಕ್ಕಿಂತ ದುಬಾರಿ. ಹೀಗೆ ಯಾರೂ ಬೇಕು ಅಂತ ಮಾಡಿದ್ದಲ್ಲ, ಸರಾಸರಿ ತೆಗೆದಾಗ ತಾನಾಗಿ ಆಗಿಬಿಡುತ್ತದೆ.

ಎಕ್ಸೆಲ್‌ನಲ್ಲಿ ಪಡೆದದ್ದು B ಕಾಲಂ, ಗರಿಷ್ಠ C ಕಾಲಂ ಹಾಕಿ ಇದನ್ನು ಬರೆಯಿರಿ:

```
=SUM(B2:B4)/SUM(C2:C4)*100
```

ಪರ್ಸೆಂಟೇಜ್ ಕಾಲಂ ಮೇಲೆ `AVERAGE` ಹಾಕಬೇಡಿ.

ಕೋಲಾರದ ಕಿರಣ್

ಟೀಚರ್, ಒಪ್ಪಿದೆ. ಹಾಲಿನ ಲೆಕ್ಕ ತಲೆಗೆ ಹೋಯಿತು. ಆದರೆ ಒಂದು ಐಡಿಯಾ. ಬಿಎಸ್ಸಿಯಲ್ಲಿ ಭಾಷೆ ಬಿಟ್ಟು ಲೆಕ್ಕ ಹಾಕಿದರೆ ಪರ್ಸೆಂಟೇಜ್ ಏರುತ್ತದೆ. ನನ್ನ ಅಣ್ಣನಿಗೆ ಹಾಗೇ ಫಸ್ಟ್ ಕ್ಲಾಸ್ ಬಂದಿತ್ತು. ಕಾರ್ಡ್ ಮೇಲೆ ಕ್ಲಾಸ್ ಕೊಡೋದೂ ಆಪ್ಷನಲ್ ವಿಷಯಗಳ ಮೇಲೆ ಅಲ್ವಾ?

ಸೀನಣ್ಣ

ನಿಮ್ಮ ಅಣ್ಣನ ಕಾಲದ ಸ್ಕೀಮ್‌ನಲ್ಲಿ ಕ್ಲಾಸ್ ಹಾಗೆ ಕೊಟ್ಟಿರಬಹುದು. ಅದಕ್ಕೇ ಮಾಹಿತಿ ಪುಸ್ತಕದಲ್ಲಿ "ಭಾಷೆಗಳೂ ಸೇರಿ" ಅಂತ ಬಿಡಿಸಿ ಹೇಳಿರೋದು. ಕ್ಲಾಸ್ ಯಾವುದರ ಮೇಲೆ ಕೊಟ್ಟಿದ್ದಾರೆ ಅನ್ನೋದು ಇಲ್ಲಿ ಬೇಕಿಲ್ಲ.

ಈ ಗರಿಷ್ಠ ಅಂಕ ಏರುಪೇರಾಗೋದಕ್ಕೆ ಕಾರಣವೇ ಭಾಷೆ. ಮೊದಲ ಎರಡು ವರ್ಷ ಭಾಷೆ ಇರುತ್ತದೆ. ಮೂರನೇ ವರ್ಷ ಭಾಷೆ ಹೋಗಿ, ಒಂದೊಂದು ವಿಷಯಕ್ಕೂ ಎರಡೆರಡು ಪೇಪರ್, ಎರಡೆರಡು ಪ್ರಾಕ್ಟಿಕಲ್ ಬರುತ್ತದೆ. ಹುಡುಗನೇ ಬಿಡಿಸಿ ಹೇಳಲಿ, ಭಾಷೆಯಲ್ಲಿ ಎಷ್ಟು?

ಮಲ್ನಾಡ್ ಹುಡುಗ

ಮೊದಲ ವರ್ಷ ಕನ್ನಡ, ಇಂಗ್ಲಿಷ್ ಸೇರಿ 400ಕ್ಕೆ 264. ಎರಡನೇ ವರ್ಷ 400ಕ್ಕೆ 252. ಫೌಂಡೇಷನ್ ಕೋರ್ಸ್ ವರ್ಷಕ್ಕೆ 100, ಅದರಲ್ಲಿ 60 ಮತ್ತು 64. ಉಳಿದದ್ದೆಲ್ಲ ಮೂರು ವಿಷಯ.

ಭಾಷೆ, ಫೌಂಡೇಷನ್ ಎರಡೂ ಬಿಟ್ಟು ಕೂಡಿಸಿದೆ. 3600ಕ್ಕೆ 1654. 45.94. ಏರೋದಿರಲಿ, ಬಿದ್ದೇ ಹೋಯಿತು. ಕನ್ನಡ ಮೇಡಂಗೆ ಇವತ್ತೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಬೇಕು.

ಐಟಿಐ ರಘು

ಟೀಚರ್, ಬರೀತೀನಿ. 3ನೇ ಸೆಮ್ 700ಕ್ಕೆ 402, 4ನೇ ಸೆಮ್ 700ಕ್ಕೆ 415, 5ನೇ ಸೆಮ್ 750ಕ್ಕೆ 440, 6ನೇ ಸೆಮ್ 650ಕ್ಕೆ 395. 1 ಮತ್ತು 2ನೇ ಸೆಮ್ ನಾನು ಓದಿಲ್ಲ. ಫಾರ್ಮ್‌ನಲ್ಲಿ ಖಾಲಿ ಬಿಡೋಕೆ ಬಿಡಲಿಲ್ಲ. ಅದಕ್ಕೆ ಪಡೆದ ಅಂಕ 0 ಅಂತ ಹಾಕಿದೆ. ಗರಿಷ್ಠ ಅಂಕ ಫ್ರೆಂಡ್ ಕಾರ್ಡ್ ನೋಡಿ 700, 700 ಹಾಕಿದೆ.

ಗಣಿತದ ಟೀಚರ್

ಅಯ್ಯೋ ರಘು! ಓದದೇ ಇರೋ ವರ್ಷಕ್ಕೆ ನೀವೇ ಸೊನ್ನೆ ಕೊಟ್ಟುಕೊಂಡಿರಿ. ನಿಮ್ಮದು 1652. ಅದನ್ನು 4200ಕ್ಕೆ ಲೆಕ್ಕ ಹಾಕಿದರೆ 39.33. ನೀವು ಪರೀಕ್ಷೆ ಬರೆದದ್ದು 2800 ಅಂಕಕ್ಕೆ ಮಾತ್ರ. 2800ಕ್ಕೆ 1652 ಅಂದರೆ ಸರಿಯಾಗಿ 59. ಡಿಪ್ಲೊಮಾದವರಿಗೆ 45 ಬೇಕು, ನೀವು ಆರಾಮವಾಗಿ ದಾಟಿದ್ದೀರಿ. ರೀವ್ಯಾಲ್ಯುಯೇಷನ್ ದುಡ್ಡು ಉಳಿಸಿ.

ಓದದೇ ಇರೋ ಸೆಮ್‌ಗೆ ಪಡೆದದ್ದು ಸೊನ್ನೆ ಹಾಕಿದರೆ ಗರಿಷ್ಠವೂ ಸೊನ್ನೆ ಇರಬೇಕು.

ಐಟಿಐ ರಘು

ಗರಿಷ್ಠ 0 ಹಾಕಿದರೆ ಫಾರ್ಮ್ ಕೆಂಪಗೆ ತೋರಿಸುತ್ತೆ ಮೇಡಂ.

ಸೀನಣ್ಣ

ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾಗೆ ಸೇರಿದವರಿಗೆ ಬೇರೆ ಆಯ್ಕೆ ಇದೆಯಾ ಅಂತ ಫಾರ್ಮ್‌ನ ಮೇಲ್ಭಾಗದಲ್ಲಿ ನೋಡು. ಎಷ್ಟೋ ಸಲ ಅದನ್ನು ಟಿಕ್ ಮಾಡಿದ ಮೇಲೆ ಮೊದಲೆರಡು ಸೆಮ್‌ನ ಸಾಲು ಮಾಯವಾಗುತ್ತದೆ. ಇಲ್ಲದಿದ್ದರೆ ಸಹಾಯವಾಣಿಗೆ ಬರೆದು ಕೇಳು, ಉತ್ತರ ಪ್ರಿಂಟ್ ತೆಗೆದಿಟ್ಟುಕೋ. ಎರಡನೇ ವರ್ಷಕ್ಕೆ ಸೇರಿದ ಪ್ರವೇಶ ಪತ್ರ, ಐಟಿಐ ಸರ್ಟಿಫಿಕೇಟ್ ಎರಡೂ ಒಯ್ಯಿ. ಪರಿಶೀಲನೆ ಮಾಡೋರಿಗೆ ಆರರ ಬದಲು ನಾಲ್ಕೇ ಕಾರ್ಡ್ ಕೊಟ್ಟರೆ ಮೊದಲ ಪ್ರಶ್ನೆಯೇ "ಉಳಿದ ಎರಡು ಎಲ್ಲಿ?"

ಪವಿತ್ರಾ

ನನ್ನ ತಂಗಿ ಎನ್‌ಇಪಿ ಬ್ಯಾಚ್. ಅವಳ ಕಾರ್ಡ್‌ನಲ್ಲಿ ಎಸ್‌ಜಿಪಿಎ ಇರುತ್ತದೆ. ಆರು ಎಸ್‌ಜಿಪಿಎ ಕೂಡಿಸಿ ಆರರಿಂದ ಭಾಗಿಸಿದ್ದು ಕಾರ್ಡ್‌ನಲ್ಲಿರೋ ಸಿಜಿಪಿಎಗೆ ಹೊಂದಲ್ಲ. ಅದೂ ಇದೇ ಕಥೆನಾ?

ಗಣಿತದ ಟೀಚರ್

ಅದೇ ಕಥೆ, ಹೆಸರು ಬೇರೆ. ಇಲ್ಲಿ ಗರಿಷ್ಠ ಅಂಕದ ಜಾಗದಲ್ಲಿ ಕ್ರೆಡಿಟ್ ಕೂತಿದೆ. ಒಂದು ಸೆಮ್ 26 ಕ್ರೆಡಿಟ್‌ಗೆ 7, ಇನ್ನೊಂದು 20 ಕ್ರೆಡಿಟ್‌ಗೆ 8 ಅಂದುಕೊಳ್ಳಿ. ಸುಮ್ನೆ ಸರಾಸರಿ 7.5. ಕ್ರೆಡಿಟ್‌ನಿಂದ ಗುಣಿಸಿ ಕೂಡಿಸಿ 46ರಿಂದ ಭಾಗಿಸಿದರೆ 7.43. ಕಾರ್ಡ್‌ನಲ್ಲಿ ಬರೋದು ಈ ಎರಡನೆಯದು.

ಪವಿತ್ರಾ

ಸರಿ ಮೇಡಂ. ಆದರೆ ಅವಳ ಗೆಳತಿ ಒಬ್ಬಳು ಬೇರೆ ವಿವಿಯಿಂದ ಮಧ್ಯದಲ್ಲಿ ಬಂದವಳು. ಮೊದಲೆರಡು ಸೆಮ್ ಅಂಕ, ಉಳಿದ ನಾಲ್ಕು ಗ್ರೇಡ್. ಅವಳು ಹೇಗೆ ಕೂಡಿಸಬೇಕು?

ಗಣಿತದ ಟೀಚರ್

ನಾನಾಗಿದ್ದರೆ ಗ್ರೇಡ್ ಕಾರ್ಡ್‌ನಲ್ಲೇ ಪ್ರತಿ ವಿಷಯದ ಅಂಕವೂ ಇದೆಯಾ ಅಂತ ನೋಡಿ, ಇದ್ದರೆ ಎಲ್ಲವನ್ನೂ ಅಂಕದಲ್ಲೇ ಕೂಡಿಸ್ತಿದ್ದೆ.

ಸೀನಣ್ಣ

ನಾನಾಗಿದ್ದರೆ ಕೂಡಿಸೋ ಕೆಲಸಕ್ಕೇ ಹೋಗ್ತಿರಲಿಲ್ಲ. ಪದವಿ ಕೊಟ್ಟ ವಿವಿಯ ಪರೀಕ್ಷಾ ವಿಭಾಗದಿಂದ ಒಟ್ಟು ಶೇಕಡಾದ ಪತ್ರ ತರಿಸ್ತಿದ್ದೆ. ನೀವು ಎಷ್ಟು ಚೆನ್ನಾಗಿ ಲೆಕ್ಕ ಹಾಕಿದರೂ ಕೌಂಟರ್‌ನಲ್ಲಿ ನಡೆಯೋದು ಸೀಲ್ ಇರೋ ಕಾಗದ.

ಗಣಿತದ ಟೀಚರ್

ಆ ಪತ್ರ ಬರೋಕೆ ಒಂದು ತಿಂಗಳಾದರೆ ಸೀಟು ಇರುತ್ತಾ ಸರ್?

ಕೋಲಾರದ ಕಿರಣ್

ಮೂಲ ವಿಷಯಕ್ಕೆ ಬನ್ನಿ. 49.87ನ್ನು 50 ಮಾಡಲ್ವಾ? 0.13ಕ್ಕೆ ಒಬ್ಬನ ವರ್ಷ ಹಾಳು ಮಾಡ್ತಾರಾ?

ಸೀನಣ್ಣ

ನಿಯಮದಲ್ಲಿ ರೌಂಡ್ ಮಾಡಬಹುದು ಅಂತ ಬರೆದಿದ್ದರೆ ಮಾಡ್ತಾರೆ. ಬರೆದಿಲ್ಲ ಅಂದರೆ ಕೇಳೋ ಹಕ್ಕು ಇಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್‌ಗೆ ಇಂಥದೇ ಒಂದು ಕೇಸ್ ಹೋಗಿತ್ತು, ಒರಿಸ್ಸಾ ಲೋಕಸೇವಾ ಆಯೋಗದ್ದು. ನ್ಯಾಯಾಂಗ ಸೇವೆಯ ಪರೀಕ್ಷೆಯಲ್ಲಿ ಒಟ್ಟು 45 ಬೇಕಿತ್ತು, ಅಭ್ಯರ್ಥಿಗೆ ಬಂದದ್ದು 44.93. ಹೈಕೋರ್ಟ್ ರೌಂಡ್ ಮಾಡಿ ಎಂದಿತ್ತು. ನಿಯಮದಲ್ಲಿ ಇಲ್ಲದ್ದನ್ನು ಸೇರಿಸೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಅದು ನೇಮಕಾತಿ ಕೇಸ್, ಸೀಟಿನದಲ್ಲ. ಆದರೂ ಆಫೀಸುಗಳಲ್ಲಿ ರೌಂಡ್ ಮಾಡಿ ಅಂದರೆ ಇದನ್ನೇ ಮುಂದಿಡ್ತಾರೆ.

ತಮ್ಮಾ, ಅರ್ಜಿಯಲ್ಲಿ ತಿದ್ದುಪಡಿಗೆ ಅವಕಾಶ ಇದ್ದರೆ ಇವತ್ತೇ 50.33 ತೆಗೆದು ಸರಿಯಾದ್ದನ್ನು ಹಾಕು. ಅಲ್ಲಿ ಅವರು ಕಾರ್ಡ್ ಇಟ್ಟುಕೊಂಡು ಮತ್ತೆ ಕೂಡಿಸ್ತಾರೆ. ನೀನು ತುಂಬಿದ್ದು ಬೇರೆ, ಅವರಿಗೆ ಬಂದದ್ದು ಬೇರೆ ಆದರೆ ಸರಾಸರಿ ತೆಗೆದೆ ಅಂತ ವಿವರಿಸೋಕೆ ಸಮಯ ಕೊಡಲ್ಲ. ಆಮೇಲೆ, ಆ ಫಿಸಿಕ್ಸ್ ಪೇಪರ್‌ಗೆ ಮರುಮೌಲ್ಯಮಾಪನ ಹಾಕಿದ್ದೀಯಾ?

ಮಲ್ನಾಡ್ ಹುಡುಗ

ಹಾಕಿದ್ದೇನೆ ಸರ್, ಫಲಿತಾಂಶ ಈ ವಾರ. ಆರು ಅಂಕ ಬಂದರೆ ಸಾಕು.

ಕೋಲಾರದ ಕಿರಣ್

ಬಂದೇ ಬರುತ್ತೆ. ಪಿಜಿಸಿಇಟಿ ರ‍್ಯಾಂಕ್ ಚೆನ್ನಾಗಿದ್ದರೆ ಪರ್ಸೆಂಟೇಜ್ ಯಾರು ನೋಡ್ತಾರೆ?

ಗಣಿತದ ಟೀಚರ್

ಎಂಸಿಎಗೆ ರ‍್ಯಾಂಕ್ ಕೊಡೋದು ಪ್ರವೇಶ ಪರೀಕ್ಷೆಯ ಮೇಲೆ, ನಿಜ. ಶೇಕಡಾ 50 ಬರೀ ಬಾಗಿಲು. ಆದರೆ ಬಾಗಿಲು ದಾಟದೆ ರ‍್ಯಾಂಕ್ ಇಟ್ಟುಕೊಂಡು ಏನು ಮಾಡೋದು ಕಿರಣ್? ಪದವಿಯ ಅಂಕವನ್ನೂ ಮೆರಿಟ್‌ಗೆ ಸೇರಿಸೋ ಕಡೆ ಇನ್ನೂ ಕಷ್ಟ, ಅಲ್ಲಿ ಅರ್ಧ ಶೇಕಡಾಕ್ಕೆ ಪಟ್ಟಿಯಲ್ಲಿ ಎಷ್ಟೋ ಜನ ಮೇಲೆ ಕೆಳಗೆ ಆಗ್ತಾರೆ. ಕೊನೇ ವರ್ಷ ಚೆನ್ನಾಗಿ ಮಾಡಿದವರು ಸರಾಸರಿ ತೆಗೆದು ತಮಗೇ ಕಡಿಮೆ ಹಾಕಿಕೊಂಡಿರೋದನ್ನೂ ನೋಡಿದ್ದೇನೆ.

ಮಲ್ನಾಡ್ ಹುಡುಗ

ನಾಲ್ಕು ದಿನ ಆದ ಮೇಲೆ ಬರೀತಿದ್ದೇನೆ. ಮರುಮೌಲ್ಯಮಾಪನದ ಫಲಿತಾಂಶ ಬಂತು. 46 ಇದ್ದದ್ದು 50 ಆಗಿದೆ. ನಾಲ್ಕು ಅಂಕ. ಈಗ 4600ಕ್ಕೆ 2298. ಅಂದರೆ 49.96. ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ.

ಕಾರ್ಡ್‌ಗಳನ್ನು ಮತ್ತೆ ಹರಡಿಕೊಂಡು ಕೂತಿದ್ದೆ. ಮೊದಲ ನಾಲ್ಕು ಸೆಮ್‌ನ ಕಾರ್ಡ್‌ನಲ್ಲಿ ಕೆಳಗೆ, ಗೆರೆ ಎಳೆದ ಮೇಲೆ, ಪಠ್ಯೇತರ ಚಟುವಟಿಕೆ ಅಂತ ಒಂದು ಸಾಲು ಇದೆ. ಸೆಮ್‌ಗೆ 25 ಅಂಕ. ನಾನು ಎನ್‌ಎಸ್‌ಎಸ್‌ನಲ್ಲಿ ಇದ್ದೆ, ಎಲ್ಲ ಸೇರಿ 100ಕ್ಕೆ 82 ಇದೆ. ನಾನು ಇದುವರೆಗೆ ಇದನ್ನು ಸೇರಿಸಿರಲಿಲ್ಲ. ಸೇರಿಸಿದರೆ 4700ಕ್ಕೆ 2380. 50.64!

ಕೋಲಾರದ ಕಿರಣ್

ಸೇರಿಸು ಗುರು! ಕಾರ್ಡ್ ಮೇಲೆ ಇದೆ ಅಂದರೆ ಅಂಕವೇ.

ಸೀನಣ್ಣ

ತಡಿ. ಗೆರೆ ಕೆಳಗೆ ಅಂದೆ. ಕಾರ್ಡ್‌ನಲ್ಲಿ ಅವರೇ ಪ್ರಿಂಟ್ ಮಾಡಿದ ಒಟ್ಟು ಮೊತ್ತ 700 ಇದೆಯಾ, 725 ಇದೆಯಾ?

ಮಲ್ನಾಡ್ ಹುಡುಗ

ಸೆಮಿಸ್ಟರ್ ಕಾರ್ಡ್‌ನಲ್ಲಿ 700 ಸರ್.

ಸೀನಣ್ಣ

ಹಾಗಾದರೆ ಪರಿಶೀಲನೆ ಮಾಡೋರು 700 ಅಂತಲೇ ಬರೆದುಕೊಳ್ತಾರೆ. ಅವರು ಒಂದೊಂದು ವಿಷಯ ಕೂಡಿಸಲ್ಲ, ಪ್ರಿಂಟ್ ಆದ ಮೊತ್ತ ನೋಡ್ತಾರೆ.

ಗಣಿತದ ಟೀಚರ್

ಸರ್, ಪುಸ್ತಕದಲ್ಲಿ "ಎಲ್ಲ ವಿಷಯಗಳು" ಅಂತ ಇದೆ. ಅಂಕ ಕೊಟ್ಟು, ಪಾಸಾಗಲೇಬೇಕು ಅಂತ ಇಟ್ಟಿದ್ದರೆ ಅದು ವಿಷಯ ಅಲ್ಲ ಅಂತ ಹೇಗೆ ಹೇಳೋದು? ಪದವಿ ಮುಗಿದ ಮೇಲೆ ಕೊಡೋ ಕ್ರೋಢೀಕೃತ ಅಂಕಪಟ್ಟಿಯಲ್ಲಿ ಮೊತ್ತ ಬೇರೆ ಇರಬಹುದು. ಅದು ಬಂದಿದೆಯಾ?

ಮಲ್ನಾಡ್ ಹುಡುಗ

ಇಲ್ಲ ಮೇಡಂ, ಹೊಸ ಅಂಕ ಸೇರಿಸಿ ಗುರುವಾರ ಕೊಡ್ತೀವಿ ಅಂದಿದ್ದಾರೆ. ಪರಿಶೀಲನೆ ಶನಿವಾರ.

ಸೀನಣ್ಣ

ಅದರಲ್ಲಿ ಒಟ್ಟು ಗರಿಷ್ಠ 4700 ಇದ್ದರೆ ನನ್ನ ಮಾತು ಬಿಟ್ಟು ಟೀಚರ್ ಮಾತು ಹಿಡಿ. 4600 ಇದ್ದರೆ 49.96 ಅಂತ ಬರೆದುಕೊಂಡೇ ಹೋಗು, ಪಠ್ಯೇತರದ ಬಗ್ಗೆ ವಿವಿಯ ನಿಯಮದ ಪ್ರತಿ ಸಿಕ್ಕರೆ ಜೊತೆಗಿಡು. ನಾನು ಹೇಳಿದ್ದೇ ಕೊನೆ ಅಂತ ತಿಳ್ಕೋಬೇಡ, ಈ ಸಾಲನ್ನು ಎರಡೂ ಥರ ಓದಿದ ಕೌಂಟರ್‌ಗಳನ್ನು ನೋಡಿದ್ದೀನಿ.

ಐಟಿಐ ರಘು

ಸರ್, ಮೇಲ್ಗಡೆ ಟಿಕ್ ಸಿಕ್ತು! 59 ತೋರಿಸ್ತಿದೆ. ಮಲ್ನಾಡ್ ಅಣ್ಣ, ಗುರುವಾರ ಕಾರ್ಡ್ ಬಂದ ತಕ್ಷಣ ಇಲ್ಲಿ ಹಾಕಿ.